ಉಗಿ ಪೈಪಿನ ಲೆಕ್ಕ ಎಲ್ಲಿ ತಪ್ಪಿತು? ವಿಕಿರಣದ ಲೆಕ್ಕದಲ್ಲೂ ಗುಣಗಳ ಕೋಷ್ಟಕದಲ್ಲೂ ಆಗುವ ಕೆಲ್ವಿನ್–ಸೆಲ್ಸಿಯಸ್ ಎಡವಟ್ಟುಗಳು

ಶಾಖ ವರ್ಗಾವಣೆಯ ಲೆಕ್ಕದಲ್ಲಿ ಉತ್ತರ ತಪ್ಪಿದರೆ ಹೆಚ್ಚಿನವರು ಮೊದಲು ಸೂತ್ರವನ್ನು ಅನುಮಾನಿಸುತ್ತಾರೆ. ಆದರೆ ಸೂತ್ರ ಸರಿಯಿದ್ದು ಅದರೊಳಗೆ ಹೋದ ತಾಪಮಾನ ತಪ್ಪಿರುವುದೇ ಹೆಚ್ಚು. ಇಂಥ ತಪ್ಪಿಗೆ ಒಂದು ಲಕ್ಷಣವಿದೆ: ಅದು ಉತ್ತರವನ್ನು ಮನಬಂದಂತೆ ಕೆಡಿಸುವುದಿಲ್ಲ, ಪ್ರತಿ ಸಲವೂ ಒಂದೇ ರೀತಿ ಕೆಡಿಸುತ್ತದೆ. ಹಾಗಾಗಿ ತಪ್ಪು ಉತ್ತರವನ್ನು ನೋಡಿಯೇ ಎಲ್ಲಿ ಎಡವಿದ್ದೇವೆಂದು ಹೇಳಬಹುದು. ಅದನ್ನು ತೋರಿಸಲು ಇಲ್ಲಿ ಒಂದೇ ಲೆಕ್ಕವನ್ನು ಹಿಡಿದು, ಅದನ್ನು ಬೇರೆ ಬೇರೆ ರೀತಿಯಲ್ಲಿ ಕೆಡಿಸಿ ನೋಡೋಣ.

ಲೆಕ್ಕ ಇದು. ಹೊದಿಕೆಯಿಲ್ಲದ, ಅಡ್ಡವಾಗಿ ಹಾಯ್ದ ಉಗಿ ಪೈಪು. ಹೊರವ್ಯಾಸ 60.3 ಮಿಲಿಮೀಟರ್, ಅಂದರೆ ಅಂಗಡಿಯಲ್ಲಿ ಎರಡಿಂಚಿನ ಪೈಪು ಎಂದು ಕೇಳಿದರೆ ಸಿಗುವಂಥದ್ದು. ಮೇಲ್ಮೈ ತಾಪಮಾನ 120 ಡಿಗ್ರಿ ಸೆಲ್ಸಿಯಸ್. ಕೋಣೆಯ ಗಾಳಿಯೂ ಗೋಡೆಗಳೂ 30 ಡಿಗ್ರಿಯಲ್ಲಿವೆ. ಮೇಲ್ಮೈಯ ಎಮಿಸಿವಿಟಿ 0.8. ಒಂದು ಮೀಟರ್ ಪೈಪಿನಿಂದ ಎಷ್ಟು ಶಾಖ ಹೋಗುತ್ತದೆ?

ಸರಿಯಾದ ಉತ್ತರ ಮೊದಲೇ ಕೈಯಲ್ಲಿರಲಿ. ವಿಕಿರಣದಿಂದ ಪ್ರತಿ ಚದರ ಮೀಟರಿಗೆ ಸುಮಾರು 700 ವ್ಯಾಟ್, ಸಹಜ ಸಂವಹನದಿಂದ ಸುಮಾರು 630 ವ್ಯಾಟ್. ಒಂದು ಮೀಟರ್ ಪೈಪಿನ ಹೊರಮೈ 0.1894 ಚದರ ಮೀಟರ್. ಹಾಗಾಗಿ ವಿಕಿರಣ 133 ವ್ಯಾಟ್, ಸಂವಹನ 119 ವ್ಯಾಟ್, ಒಟ್ಟು 252 ವ್ಯಾಟ್.

ಪ್ರಶ್ನೆ: ವಿಕಿರಣ ಪ್ರತಿ ಚದರ ಮೀಟರಿಗೆ ಬರೀ 9.4 ವ್ಯಾಟ್ ಬಂತು. ಅದು ತೀರಾ ಕಡಿಮೆಯೆಂದು ಬಿಟ್ಟುಬಿಡಬಹುದೇ?

ಬಿಡಬೇಡಿ. ನೀವು 120ನ್ನೂ 30ನ್ನೂ ಹಾಗೆಯೇ ನಾಲ್ಕನೇ ಘಾತಕ್ಕೆ ಏರಿಸಿದ್ದೀರಿ. ಸರಿಯಾದ ಸಾಲು ಹೀಗಿರಬೇಕು:

q = 0.8 × 5.67×10⁻⁸ × (393⁴ − 303⁴) ≈ 700 W/m²

ಸೆಲ್ಸಿಯಸ್ ಹಾಕಿದಾಗ ಉತ್ತರ 75 ಪಟ್ಟು ಕುಗ್ಗಿದೆ. ಇಲ್ಲಿ ದೊಡ್ಡ ಅಪಾಯವೆಂದರೆ, ಇಷ್ಟು ಸಣ್ಣ ಸಂಖ್ಯೆ ಕಂಡ ಕೂಡಲೇ ‘ವಿಕಿರಣ ನಗಣ್ಯ’ ಎಂದು ಬರೆದು ಮುಂದೆ ಹೋಗಿಬಿಡುವುದು. ನಿಂತ ಗಾಳಿಯಲ್ಲಿರುವ, ಬಣ್ಣ ಬಳಿದ ಅಥವಾ ತುಕ್ಕು ಹಿಡಿದ ಮೇಲ್ಮೈಯಲ್ಲಿ ವಿಕಿರಣ ನಗಣ್ಯವಾಗುವುದೇ ಇಲ್ಲ. ಈ ಪೈಪಿನಲ್ಲಿ ಅದು ಸಂವಹನಕ್ಕಿಂತ ಹೆಚ್ಚೇ ಇದೆ.

ಇದನ್ನು ಅರ್ಧ ನಿಮಿಷದಲ್ಲಿ ಪರೀಕ್ಷಿಸುವ ದಾರಿಯೊಂದಿದೆ. ವಿಕಿರಣವನ್ನು ತಾಪಮಾನದ ವ್ಯತ್ಯಾಸದಿಂದ ಭಾಗಿಸಿದರೆ ಸಿಗುವುದನ್ನು ವಿಕಿರಣದ ಶಾಖ ವರ್ಗಾವಣಾ ಗುಣಾಂಕ ಎನ್ನೋಣ. ಎರಡು ಮೇಲ್ಮೈಗಳ ತಾಪಮಾನ ತೀರಾ ದೂರವಿಲ್ಲದಿದ್ದರೆ ಅದರ ಬೆಲೆ ಸುಮಾರು 4εσTm³. ಇಲ್ಲಿ Tm ಎಂದರೆ ಕೆಲ್ವಿನ್‌ನಲ್ಲಿ ಸರಾಸರಿ ತಾಪಮಾನ. 300 ಕೆಲ್ವಿನ್ ಆಸುಪಾಸಿನಲ್ಲಿ, ಎಮಿಸಿವಿಟಿ 1 ಇದ್ದರೆ, ಇದು ಸುಮಾರು 6 ಬರುತ್ತದೆ. ಈ ಆರು ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಪೈಪಿಗೆ Tm 348 ಕೆಲ್ವಿನ್, ಎಮಿಸಿವಿಟಿ 0.8. ಗುಣಾಂಕ 7.6 ಬರುತ್ತದೆ. ನಿಜವಾದ ಉತ್ತರದಿಂದ 700 ÷ 90 ಮಾಡಿದರೆ 7.8. ಎರಡೂ ಹೊಂದುತ್ತವೆ. ಸೆಲ್ಸಿಯಸ್ ಉತ್ತರದಿಂದ 9.4 ÷ 90 ಮಾಡಿದರೆ 0.1. ಕೋಣೆಗಿಂತ ಬಿಸಿಯಾದ, ಎಮಿಸಿವಿಟಿ 0.8 ಇರುವ ಮೇಲ್ಮೈಯಲ್ಲಿ ಇದು 0.1 ಆಗುವುದು ಸಾಧ್ಯವೇ ಇಲ್ಲ.

ಪ್ರಶ್ನೆ: ನಾನು 273 ಕೂಡಿಸಿದ್ದೇನೆ. ಉತ್ತರ 788 ಬಂತು. 700ಕ್ಕೆ ಹತ್ತಿರವೇ ಇದೆಯಲ್ಲ, ದಶಮಾಂಶದ ವ್ಯತ್ಯಾಸವೇ?

ಅಲ್ಲ. ಇದು ಎಲ್ಲಕ್ಕಿಂತ ಕೆಟ್ಟ ತಪ್ಪು, ಏಕೆಂದರೆ ಉತ್ತರ ನಂಬುವ ಹಾಗಿದೆ. ನೀವು ಮೊದಲು 120 − 30 = 90 ಮಾಡಿ, ಅದಕ್ಕೆ 273 ಕೂಡಿಸಿ 363 ಪಡೆದು, ಅದರ ನಾಲ್ಕನೇ ಘಾತ ತೆಗೆದಿದ್ದೀರಿ. ಇದರಲ್ಲಿ ಎರಡು ತಪ್ಪುಗಳಿವೆ. ನಾಲ್ಕನೇ ಘಾತಗಳ ವ್ಯತ್ಯಾಸವೂ ವ್ಯತ್ಯಾಸದ ನಾಲ್ಕನೇ ಘಾತವೂ ಒಂದೇ ಅಲ್ಲ. ಜೊತೆಗೆ 90 ಡಿಗ್ರಿಯ ವ್ಯತ್ಯಾಸ ಕೆಲ್ವಿನ್‌ನಲ್ಲೂ 90 ಮಾತ್ರ, 363 ಅಲ್ಲ. ಈ ಲೆಕ್ಕದಲ್ಲಿ ಎರಡು ತಪ್ಪುಗಳು ಸೇರಿ ಆಕಸ್ಮಿಕವಾಗಿ ಶೇಕಡ 13ರಷ್ಟು ಮಾತ್ರ ಹೆಚ್ಚು ತೋರಿಸಿದವು. ತಾಪಮಾನ ಬದಲಾದರೆ ಈ ಅದೃಷ್ಟ ಉಳಿಯುವುದಿಲ್ಲ. ಪೈಪು 30 ಡಿಗ್ರಿಗೆ ತಣ್ಣಗಾಗಿ ಕೋಣೆಗೆ ಸಮನಾಯಿತು ಎಂದುಕೊಳ್ಳಿ. ಸರಿಯಾದ ಉತ್ತರ ಸೊನ್ನೆ. ನಿಮ್ಮ ವಿಧಾನದಲ್ಲಿ 273⁴ ಉಳಿದು, ಸಮತಾಪಮಾನದಲ್ಲೂ ಪ್ರತಿ ಚದರ ಮೀಟರಿಗೆ 252 ವ್ಯಾಟ್ ಹರಿಯುತ್ತಿದೆ ಎಂದಾಗುತ್ತದೆ. ಅನುಮಾನ ಬಂದಾಗ ಎರಡೂ ತಾಪಮಾನಗಳನ್ನು ಒಂದೇ ಮಾಡಿ ನೋಡಿ: ಸೊನ್ನೆ ಬರದಿದ್ದರೆ ನೀವು ಬರೆದ ಸಾಲೇ ತಪ್ಪು.

ಇದೇ ಜಾತಿಯ ಇನ್ನೊಂದು ಉತ್ತರ 1082. ಮೇಲ್ಮೈಗೆ ಮಾತ್ರ 273 ಕೂಡಿಸಿ, ಗೋಡೆಯ 30ನ್ನು ಹಾಗೆಯೇ ಬಿಟ್ಟಾಗ ಬರುವುದು ಇದು. ಗೋಡೆಯಿಂದ ಹಿಂದಿರುಗುವ ವಿಕಿರಣ ಇಲ್ಲವೇ ಇಲ್ಲ ಎಂದಂತಾಗುತ್ತದೆ. ಸಮತಾಪಮಾನದ ಪರೀಕ್ಷೆ ಇದನ್ನೂ ಹಿಡಿಯುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಉತ್ತರ ಋಣಾತ್ಮಕವಾಗಿ, ಎಂಟು ನೂರು ಕೋಟಿಯ ಮೇಲೆ ಬಂದರೆ ಅದು ಆವರಣದ ತಪ್ಪು. 0.8×σ ಮೊದಲ ಪದಕ್ಕೆ ಮಾತ್ರ ಗುಣಿಸಿಕೊಂಡು, ಗೋಡೆಯ 303⁴ ಗುಣಾಂಕವಿಲ್ಲದೆ ಕಳೆದುಹೋಗಿದೆ. ಬರೆಯಬೇಕಾದ ರೀತಿ:

```
=0.8*5.67E-8*((B2+273.15)^4-(B3+273.15)^4)
```

B2ನಲ್ಲಿ 120, B3ನಲ್ಲಿ 30 ಇದ್ದರೆ 700.6 ಬರಬೇಕು. 273 ಬಳಸಿದರೆ 699.7. ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಮಿಸಿವಿಟಿಯೇ ಎರಡನೇ ದಶಮಾಂಶದವರೆಗೆ ನಮಗೆ ಖಚಿತವಿರುವುದಿಲ್ಲ.

ಪ್ರಶ್ನೆ: ಹಾಗಾದರೆ ಯಾವಾಗ ಸೆಲ್ಸಿಯಸ್ ನಡೆಯುತ್ತದೆ, ಯಾವಾಗ ನಡೆಯುವುದಿಲ್ಲ?

ಸೂತ್ರದಲ್ಲಿ ತಾಪಮಾನ ಏನು ಮಾಡುತ್ತಿದೆ ಎಂದು ನೋಡಿ. ಒಂದು ತಾಪಮಾನದಿಂದ ಇನ್ನೊಂದನ್ನು ಕಳೆಯುತ್ತಿದ್ದರೆ 273 ಎರಡರಲ್ಲೂ ಇದ್ದು ಹೊಡೆದುಹೋಗುತ್ತದೆ. ಹಾಗಾಗಿ h(Ts − T∞) ಆಗಲಿ, ಗೋಡೆಯ ಮೂಲಕ ವಹನದ kΔT/L ಆಗಲಿ ಸೆಲ್ಸಿಯಸ್‌ನಲ್ಲೂ ಸರಿ. ಪುಸ್ತಕವೊಂದರಲ್ಲಿ ವಾಹಕತೆ W/m·K ಎಂದೂ ಇನ್ನೊಂದರಲ್ಲಿ W/m·°C ಎಂದೂ ಇದ್ದರೆ ಎರಡೂ ಒಂದೇ ಸಂಖ್ಯೆ, ಯಾವ ಪರಿವರ್ತನೆಯೂ ಬೇಡ. ಅಲ್ಲಿ 273 ಕೂಡಿಸಿದರೆ ಕೆಡುತ್ತದೆ: ನಮ್ಮ ಪೈಪಿನ ಸಂವಹನದಲ್ಲಿ 90ರ ಬದಲು 363 ಹಾಕಿದವರಿಗೆ ಉತ್ತರ ನಾಲ್ಕು ಪಟ್ಟು ಬರುತ್ತದೆ.

ತಾಪಮಾನವನ್ನು ಘಾತಕ್ಕೆ ಏರಿಸಿದಾಗ, ಅದರಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ 273 ಹೊಡೆದುಹೋಗುವುದಿಲ್ಲ. ಅಲ್ಲಿ ಕೆಲ್ವಿನ್ ಬೇಕೇ ಬೇಕು. T⁴, ಆದರ್ಶ ಅನಿಲದ p/RT, ಅನಿಲದ β = 1/T, ವೀನ್ ನಿಯಮದ λT ಎಲ್ಲವೂ ಈ ಗುಂಪಿಗೆ ಸೇರುತ್ತವೆ. ವಿಕಿರಣದ ಸೂತ್ರವನ್ನು ಬಿಡಿಸಿ ಬರೆದರೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ: (Ts − T₀)(Ts + T₀)(Ts² + T₀²). ಮೊದಲ ಆವರಣಕ್ಕೆ ಸೆಲ್ಸಿಯಸ್ ಆದರೂ ಕೆಲ್ವಿನ್ ಆದರೂ ಸರಿ, ಉಳಿದೆರಡಕ್ಕೆ ಕೆಲ್ವಿನ್ ಮಾತ್ರ.

ಪ್ರಶ್ನೆ: ಸಂವಹನ ಗುಣಾಂಕ 7ರ ಬದಲು 10.8 ಬಂತು. ಕೋಷ್ಟಕದಿಂದ ಸರಿಯಾಗಿಯೇ ತೆಗೆದಿದ್ದೇನೆ.

β ನೋಡಿ. ಫಿಲ್ಮ್ ತಾಪಮಾನ (120 + 30)/2 = 75 ಡಿಗ್ರಿ, ಅಂದರೆ 348 ಕೆಲ್ವಿನ್. ಗಾಳಿಗೆ β = 1/348 = 0.00287. ನೀವು 1/75 = 0.0133 ಹಾಕಿದ್ದೀರಿ, ಅದು 4.6 ಪಟ್ಟು ಹೆಚ್ಚು. ರೇಲೀ ಸಂಖ್ಯೆಯೂ ಅಷ್ಟೇ ಪಟ್ಟು ಏರುತ್ತದೆ. ಆದರೆ ನಸೆಲ್ಟ್ ಸಂಖ್ಯೆ ರೇಲೀ ಸಂಖ್ಯೆಯ ಸುಮಾರು ನಾಲ್ಕನೇ ಮೂಲದಂತೆ ಬದಲಾಗುವುದರಿಂದ ಕೊನೆಯಲ್ಲಿ ಶೇಕಡ 55ರಷ್ಟು ಹೆಚ್ಚಳ ಮಾತ್ರ ಕಾಣುತ್ತದೆ. ಸಹಜ ಸಂವಹನದ ಸೂತ್ರಗಳು ತಪ್ಪನ್ನು ಹೀಗೆ ಅರ್ಧಂಬರ್ಧ ನುಂಗಿಬಿಡುತ್ತವೆ. 10.8 ನೋಡಿ ಯಾರಿಗೂ ಅನುಮಾನ ಬರುವುದಿಲ್ಲ.

ಸರಿಯಾದ ಲೆಕ್ಕವನ್ನು ಪೂರ್ತಿ ಇಡುತ್ತೇನೆ. 348 ಕೆಲ್ವಿನ್‌ನಲ್ಲಿ ಗಾಳಿಗೆ ν = 20.7×10⁻⁶ m²/s, α = 29.6×10⁻⁶ m²/s, k = 0.0299 W/m·K, ಪ್ರಾಂಟ್ಲ್ ಸಂಖ್ಯೆ 0.70.

Ra = gβΔT·D³/(να) = 9.81 × 0.00287 × 90 × 0.0603³ ÷ (20.7×10⁻⁶ × 29.6×10⁻⁶) ≈ 9.1×10⁵

ಅಡ್ಡ ಸಿಲಿಂಡರಿಗೆ ಚರ್ಚಿಲ್–ಚು ಸೂತ್ರ ಹಾಕಿದರೆ Nu = 14.1, h = 14.1 × 0.0299 ÷ 0.0603 ≈ 7.0. ವ್ಯಾಸವನ್ನು ಮಿಲಿಮೀಟರಿನಲ್ಲಿ ಬಿಟ್ಟವರಿಗೆ ಘನದಿಂದಾಗಿ Ra ನೂರು ಕೋಟಿ ಪಟ್ಟು ಏರುತ್ತದೆ. ಅದು ಕಣ್ಣಿಗೆ ಹೊಡೆಯುವ ತಪ್ಪು, ಹೆಚ್ಚು ಹೇಳಬೇಕಿಲ್ಲ.

ಸರಾಸರಿ ತೆಗೆಯುವಾಗಲೂ ಕೆಲವರು ಎಡವುತ್ತಾರೆ: 120 + 30 = 150, ಅದಕ್ಕೆ 273 ಕೂಡಿಸಿ 423, ಅರ್ಧ ಮಾಡಿ 211.5. ಹೀಗೆ ಮಾಡಿದರೆ 273ರ ಅರ್ಧವಷ್ಟೇ ಕೂಡಿದಂತಾಯಿತು. ಸರಾಸರಿ ಎರಡು ತಾಪಮಾನಗಳ ನಡುವೆಯೇ ಇರಬೇಕು. 303 ಮತ್ತು 393ರ ನಡುವೆ 211.5 ಎಲ್ಲಿಂದ ಬರಬೇಕು?

ಪ್ರಶ್ನೆ: ಗುಣಗಳ ಕೋಷ್ಟಕದಲ್ಲೇ ತಪ್ಪು ಸಾಲು ಓದಿದ್ದರೆ ಹೇಗೆ ಗೊತ್ತಾಗುತ್ತದೆ?

ಇದನ್ನು ಹಿಡಿಯುವುದು ಕಷ್ಟ. ನಮ್ಮಲ್ಲಿ ಇಂಜಿನಿಯರಿಂಗ್ ಪರೀಕ್ಷೆಗೆ ಒಯ್ಯಲು ಬಿಡುವ ಡೇಟಾ ಹ್ಯಾಂಡ್‌ಬುಕ್‌ಗಳಲ್ಲಿ ಗಾಳಿಯ ಗುಣಗಳು ಸಾಮಾನ್ಯವಾಗಿ ಸೆಲ್ಸಿಯಸ್‌ನಲ್ಲಿರುತ್ತವೆ. ಅಮೆರಿಕದ ಪಠ್ಯಪುಸ್ತಕಗಳಲ್ಲಿ ಹಲವು ಕಡೆ ಕೆಲ್ವಿನ್‌ನಲ್ಲಿರುತ್ತವೆ. ಪಠ್ಯಪುಸ್ತಕದಲ್ಲಿ ಅಭ್ಯಾಸ ಮಾಡಿ, ಹ್ಯಾಂಡ್‌ಬುಕ್ ತೆರೆದು, 348ನ್ನು ಹುಡುಕಿದರೆ 350 ಡಿಗ್ರಿ ಸೆಲ್ಸಿಯಸ್‌ನ ಸಾಲು ಸಿಗುತ್ತದೆ. ಅಲ್ಲಿ ν 55.5×10⁻⁶, k 0.049. ಎರಡೂ ಬೇಕಾದುದಕ್ಕಿಂತ ಬಹಳ ಹೆಚ್ಚು.

ಈಗ ಈ ತಪ್ಪು ಬೆಲೆಗಳನ್ನೇ ಹಾಕಿ ಕೊನೆಯವರೆಗೆ ಹೋಗಿ. Ra 9.1×10⁵ ಇದ್ದದ್ದು 1.2×10⁵ಕ್ಕೆ ಇಳಿಯುತ್ತದೆ, Nu ಸುಮಾರು 8.2ಕ್ಕೆ ಕುಸಿಯುತ್ತದೆ. ಆದರೆ k ಹೆಚ್ಚಾಗಿರುವುದರಿಂದ h 6.6 ಬರುತ್ತದೆ. ಸರಿಯಾದದ್ದು 7.0. ಬರೀ ಶೇಕಡ 5ರ ವ್ಯತ್ಯಾಸ! ಸ್ನಿಗ್ಧತೆ ಹೆಚ್ಚಾಗಿ ಹರಿವು ಕುಗ್ಗಿದ್ದನ್ನು ವಾಹಕತೆಯ ಹೆಚ್ಚಳ ಸರಿದೂಗಿಸಿಬಿಟ್ಟಿದೆ. ಹಾಗಾಗಿ ಗಾಳಿಯ ಸಹಜ ಸಂವಹನದಲ್ಲಿ h ಸರಿ ಬಂತೆಂದು ಕೋಷ್ಟಕ ಸರಿಯಾಗಿ ಓದಿದ್ದೇವೆಂದು ತಿಳಿಯಬಾರದು. ಉತ್ತರಕ್ಕೆ ಹೋಲಿಸುವಾಗ Ra ಅನ್ನು ಹೋಲಿಸಿ. ಫ್ಯಾನಿನ ಗಾಳಿಯ ಬಲಾತ್ ಸಂವಹನದ ಲೆಕ್ಕದಲ್ಲಾದರೆ ಇದೇ ತಪ್ಪಿನಿಂದ ರೆನಾಲ್ಡ್ಸ್ ಸಂಖ್ಯೆ 2.7 ಪಟ್ಟು ಕುಗ್ಗುತ್ತದೆ. ಹರಿವು ಪ್ರಕ್ಷುಬ್ಧವಾಗಿರಬೇಕಾದ ಕಡೆ ಸ್ತರೀಯ ಹರಿವಿನ ಸೂತ್ರ ಆರಿಸಿಕೊಳ್ಳುವ ಸಂಭವವೂ ಇದೆ.

ಸಾಲು ಸರಿಯೇ ಎಂದು ನೋಡಲು ಸಾಂದ್ರತೆ ಒಳ್ಳೆಯ ಸಾಕ್ಷಿ. 75 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ p/RT = 101325 ÷ (287 × 348) = 1.01 kg/m³. ನೀವು ಓದಿದ ಸಾಲಿನಲ್ಲಿ ಸಾಂದ್ರತೆ ಒಂದರ ಹತ್ತಿರವಿರಬೇಕು. 350 ಡಿಗ್ರಿಯ ಸಾಲಿನಲ್ಲಿ 0.566 ಇರುತ್ತದೆ. ಇದೇ ಸೂತ್ರದಲ್ಲಿ T ಜಾಗಕ್ಕೆ 75 ಹಾಕಿ 4.7 ಬಂದರೆ, ಅಥವಾ ಒತ್ತಡವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಬಿಟ್ಟು 0.001 ಬಂದರೆ, ಅಲ್ಲೇ ನಿಲ್ಲಿ. ಗಾಳಿ ಬಿಸಿಯಾದರೆ ಹಗುರಾಗಬೇಕು, ನಾಲ್ಕು ಪಟ್ಟು ಭಾರವಾಗಬಾರದು.

ಪ್ರಶ್ನೆ: ಕೋಷ್ಟಕದ ತಲೆಬರಹದಲ್ಲಿ ν × 10⁶ ಎಂದು ಇದೆ, ಕೆಳಗೆ 20.92 ಇದೆ. ಅಂದರೆ 20.92×10⁶ ತಾನೇ?

ಅಲ್ಲ, 20.92×10⁻⁶. ತಲೆಬರಹವನ್ನು ಸಮೀಕರಣದಂತೆ ಓದಿ: ν × 10⁶ = 20.92. ಆದ್ದರಿಂದ ν = 20.92 ÷ 10⁶. ಕೋಷ್ಟಕ ಮುದ್ರಿಸುವವರು ಸಣ್ಣ ಸಂಖ್ಯೆಯನ್ನು ದೊಡ್ಡದು ಮಾಡಿ ಬರೆದು, ಎಷ್ಟರಿಂದ ಗುಣಿಸಿದ್ದೇವೆಂದು ಮೇಲೆ ಹೇಳಿರುತ್ತಾರೆ. ಇದೇ ಕೋಷ್ಟಕದಲ್ಲಿ ಕೆಲವೊಮ್ಮೆ μ × 10⁷ ಎಂದೂ k × 10³ ಎಂದೂ ಇರುತ್ತದೆ. ಪಕ್ಕಪಕ್ಕದ ಕಾಲಮ್‌ಗಳಲ್ಲಿ ಘಾತ ಬೇರೆಯಾಗುವುದರಿಂದ ಕಣ್ಣು ಜಾರಿದರೆ ಹತ್ತು ಪಟ್ಟಿನ ತಪ್ಪು ಬರುತ್ತದೆ.

ಇದಕ್ಕೂ ಕೋಷ್ಟಕದೊಳಗೇ ತಪಾಸಣೆ ಇದೆ. 350 ಕೆಲ್ವಿನ್ ಸಾಲಿನಲ್ಲಿ μ = 208.2×10⁻⁷, cp = 1009 J/kg·K, k = 0.030. μ·cp/k ಮಾಡಿ ನೋಡಿ: 0.700. ಅದೇ ಸಾಲಿನ ಪ್ರಾಂಟ್ಲ್ ಸಂಖ್ಯೆಯೂ 0.700. ನಿಮಗೆ 0.0007 ಬಂದರೆ cp ಯನ್ನು ಕಿಲೋಜೂಲ್‌ನಲ್ಲಿ, ಅಂದರೆ 1.009 ಎಂದು ಬಿಟ್ಟಿದ್ದೀರಿ. 7 ಬಂದರೆ μ ಘಾತದಲ್ಲಿ ಒಂದು ಸ್ಥಾನ ಜಾರಿದೆ. ಗಾಳಿಗೆ ಈ ವ್ಯಾಪ್ತಿಯಲ್ಲಿ ಪ್ರಾಂಟ್ಲ್ ಸಂಖ್ಯೆ 0.7ರಿಂದ ದೂರ ಹೋಗುವುದಿಲ್ಲ.

ಪ್ರಶ್ನೆ: ಮೇಲ್ಮೈ ತಾಪಮಾನವೇ ಗೊತ್ತಿಲ್ಲದಾಗ ಒಂದೇ ಸಮೀಕರಣದಲ್ಲಿ ವಿಕಿರಣವೂ ಸಂವಹನವೂ ಬರುತ್ತವೆ. ಅಲ್ಲಿ ಯಾವ ಮಾಪಕ?

ಎಲ್ಲ ಕಡೆ ಕೆಲ್ವಿನ್. ಸಂವಹನಕ್ಕೆ ಸೆಲ್ಸಿಯಸ್ ನಡೆಯುತ್ತದೆ ನಿಜ. ಆದರೆ ಒಂದೇ T ಎರಡೂ ಪದಗಳಲ್ಲಿ ಇರುವುದರಿಂದ ಎರಡಕ್ಕೂ ಒಂದೇ ಮಾಪಕ ಬೇಕು. ನಮ್ಮ ಪೈಪನ್ನೇ ತಿರುಗಿಸಿ ಕೇಳೋಣ: ಪ್ರತಿ ಚದರ ಮೀಟರಿನಿಂದ 1329 ವ್ಯಾಟ್ ಹೊರಹೋಗುತ್ತಿದೆ, h = 7, ಮೇಲ್ಮೈ ತಾಪಮಾನ ಎಷ್ಟು?

4.536×10⁻⁸ (T⁴ − 303⁴) + 7 (T − 303) = 1329

ಇದನ್ನು ಬಿಡಿಸಿದರೆ T = 393, ಅಂದರೆ 120 ಡಿಗ್ರಿ. ಇದೇ ಸಮೀಕರಣದಲ್ಲಿ 303ರ ಬದಲು 30 ಬರೆದು ಬಿಡಿಸಿದವರಿಗೆ ಸುಮಾರು 208 ಡಿಗ್ರಿ ಬರುತ್ತದೆ. ವಿಕಿರಣ ಹೆಚ್ಚುಕಡಿಮೆ ಮಾಯವಾಗಿ, ಎಲ್ಲ ಶಾಖವನ್ನೂ ಸಂವಹನವೇ ಹೊರಬೇಕಾಗಿ ಬಂದದ್ದರಿಂದ ಮೇಲ್ಮೈ ಅಷ್ಟು ಬಿಸಿಯಾಯಿತು. ಕ್ಯಾಲ್ಕುಲೇಟರಿನ ಸಾಲ್ವ್ ಬಟನ್ ಈ ತಪ್ಪನ್ನು ಹೇಳುವುದಿಲ್ಲ, ಅದಕ್ಕೆ ಎರಡೂ ಬರೀ ಸಂಖ್ಯೆಗಳು. ಬಂದ ಉತ್ತರವನ್ನು ಕೆಲ್ವಿನ್‌ಗೆ ತಂದು ವಿಕಿರಣದ ಪದವೊಂದನ್ನೇ ಮತ್ತೆ ಲೆಕ್ಕ ಹಾಕಿ. 481 ಕೆಲ್ವಿನ್‌ನಲ್ಲಿ ವಿಕಿರಣವೊಂದೇ ಸುಮಾರು 2050 ವ್ಯಾಟ್ ಬರುತ್ತದೆ. ಒಟ್ಟು ಕೊಟ್ಟದ್ದು 1329 ಮಾತ್ರ. ಹಾಗಾಗಿ 208 ಸಾಧ್ಯವಿಲ್ಲ.

ಪ್ರಶ್ನೆ: ಕುಲುಮೆಯಂಥ ಹೆಚ್ಚಿನ ತಾಪಮಾನದಲ್ಲಿ 273 ಅಷ್ಟೇನೂ ದೊಡ್ಡದಲ್ಲವಲ್ಲ?

1000 ಡಿಗ್ರಿ ಸೆಲ್ಸಿಯಸ್ ಎಂದರೆ 1273 ಕೆಲ್ವಿನ್. ನಾಲ್ಕನೇ ಘಾತದಲ್ಲಿ ಇದು 2.6 ಪಟ್ಟಿನ ವ್ಯತ್ಯಾಸ: ಕೃಷ್ಣಕಾಯದ ಸರಿಯಾದ ವಿಕಿರಣ ಪ್ರತಿ ಚದರ ಮೀಟರಿಗೆ 149 ಕಿಲೋವ್ಯಾಟ್, ಸೆಲ್ಸಿಯಸ್ ಹಾಕಿದರೆ 56.7. ಪೈಪಿನಲ್ಲಿ 75 ಪಟ್ಟು ಕುಗ್ಗಿದ್ದು ಇಲ್ಲಿ 2.6 ಪಟ್ಟು ಮಾತ್ರ ಕುಗ್ಗಿರುವುದರಿಂದ ತಪ್ಪು ಕಾಣದೆ ಉಳಿಯುತ್ತದೆ. 56.7 ಎಂಬ ಅಂಕಿ ಕಂಡರೆ ಎಚ್ಚರವಾಗಿ: σನ ಅಂಕಿಗಳೇ ಉತ್ತರದಲ್ಲಿ ಬಂದಿವೆ ಎಂದರೆ ನೀವು 1000ವನ್ನೇ ಘಾತಕ್ಕೆ ಏರಿಸಿದ್ದೀರಿ.

ತರಂಗಾಂತರದ ಲೆಕ್ಕದಲ್ಲಿ ಇದು ಇನ್ನೂ ಮೆಲ್ಲಗೆ ನುಸುಳುತ್ತದೆ. 3 ಮೈಕ್ರೋಮೀಟರ್‌ಗಿಂತ ಕೆಳಗೆ ಎಷ್ಟು ಭಾಗ ವಿಕಿರಣವಿದೆ ಎಂದು ಕೇಳಿದರೆ λT = 3 × 1273 = 3819 µm·K ಎಂದು ಕೃಷ್ಣಕಾಯದ ಕೋಷ್ಟಕಕ್ಕೆ ಹೋಗಬೇಕು. ಸುಮಾರು 0.447 ಸಿಗುತ್ತದೆ. ಸೆಲ್ಸಿಯಸ್‌ನಲ್ಲಿ 3000 ಸಿಗುತ್ತದೆ, ಅದು ಕೋಷ್ಟಕದಲ್ಲೇ ಇರುವ ಸಾಲು, ಉತ್ತರ 0.273. ಎರಡೂ ಸೊನ್ನೆ ಮತ್ತು ಒಂದರ ನಡುವಿನ ಸಂಖ್ಯೆಗಳಾದ್ದರಿಂದ ಉತ್ತರ ನೋಡಿ ಏನೂ ಹೇಳಲಾಗದು. ಇಲ್ಲಿ ಉಪಾಯ ಒಂದೇ: λT ಬರೆಯುವಾಗ ಪಕ್ಕದಲ್ಲಿ ಏಕಮಾನವನ್ನೂ ಬರೆಯುವುದು.

ಪ್ರಶ್ನೆ: ಫ್ಯಾರನ್‌ಹೀಟ್‌ನಲ್ಲಿ ಕೊಟ್ಟ ಲೆಕ್ಕಕ್ಕೆ 90 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವನ್ನು 194 ಎಂದು ಬರೆದೆ. ತಪ್ಪೇ?

ತಪ್ಪು, 162 ಆಗಬೇಕು. ವ್ಯತ್ಯಾಸಕ್ಕೆ 1.8ರಿಂದ ಗುಣಿಸುವುದಷ್ಟೇ, 32 ಕೂಡಿಸುವುದಿಲ್ಲ. 120 ಡಿಗ್ರಿ ಸೆಲ್ಸಿಯಸ್ ಎಂದರೆ 248 ಫ್ಯಾರನ್‌ಹೀಟ್, 30 ಎಂದರೆ 86, ಕಳೆದರೆ 162. ವಿಕಿರಣಕ್ಕಾದರೆ ಇವಕ್ಕೆ 459.67 ಕೂಡಿಸಿ ರ‍್ಯಾಂಕಿನ್ ಮಾಪಕಕ್ಕೆ ತಂದು, σ = 0.1714×10⁻⁸ Btu/h·ft²·°R⁴ ಬಳಸಬೇಕು. ರ‍್ಯಾಂಕಿನ್ ತಾಪಮಾನಕ್ಕೆ 5.67 ಹಾಕಿದರೆ ಉತ್ತರ ಯಾವ ಏಕಮಾನದಲ್ಲೂ ಇರುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಕಿಲೋಕ್ಯಾಲರಿ ಲೆಕ್ಕದ 4.88×10⁻⁸ ಕಾಣಬಹುದು. ಅದು ಮುದ್ರಣದೋಷವಲ್ಲ, ಗಂಟೆಗೆ ಕಿಲೋಕ್ಯಾಲರಿಯಲ್ಲಿ ಬರೆದ ಅದೇ ಸ್ಥಿರಾಂಕ.

ಪ್ರಶ್ನೆ: ಏಕಮಾನಗಳೆಲ್ಲ ಸರಿಯಿವೆ. ಆದರೂ ಬೆಂಗಳೂರಿನಲ್ಲಿ ಅಳೆದರೆ ಸಂವಹನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಯಾಕೆ?

ಕೋಷ್ಟಕದ ν ಮತ್ತು α ಒಂದು ವಾತಾವರಣದ ಒತ್ತಡಕ್ಕೆ ಕೊಟ್ಟವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ಒತ್ತಡ ಇಳಿದಷ್ಟೂ ν ಮತ್ತು α ಏರುತ್ತವೆ, μ, k, cp ಮತ್ತು ಪ್ರಾಂಟ್ಲ್ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಕೋಷ್ಟಕದ ν ಮತ್ತು α ಎರಡನ್ನೂ 101.3 ÷ 91ರಿಂದ ಗುಣಿಸಿ ಹಾಕಿದರೆ ನಮ್ಮ ಪೈಪಿನ Ra 7.3×10⁵ಕ್ಕೆ ಇಳಿದು, h 7.0ರಿಂದ 6.6ಕ್ಕೆ ಬರುತ್ತದೆ. ವಿಕಿರಣದ 700 ವ್ಯಾಟ್‌ಗೆ ಒತ್ತಡದ ಹಂಗಿಲ್ಲ, ಅದು ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಒಂದೇ.